ಒಂದೇ ಸ್ಕ್ರಿಪ್ಟ್, ನಾಲ್ಕು ಕಡೆ: ಶಾರ್ಟ್ಸ್, ರೀಲ್ಸ್, ಸ್ಟೇಟಸ್, ಫೇಸ್‌ಬುಕ್‌ಗೆ ಯಾವ ಧಾಟಿ, ಎಷ್ಟು ಉದ್ದ?

ಉಡುಪಿ, ಮಂಗಳೂರಿನ ಕಡೆ ಹೂವು, ಹಪ್ಪಳ, ಸೀರೆ, ಮೀನು ಮಾರುವವರು ಈಗ ವಿಡಿಯೋ ಮಾಡುವುದು ಹೊಸತೇನಲ್ಲ. ಹೆಚ್ಚಿನವರು ಇನ್‌ಸ್ಟಾಗ್ರಾಮಿಗೆ ಒಂದು ರೀಲ್ ಮಾಡುತ್ತಾರೆ, ಅದನ್ನೇ ಫೋನಿಗೆ ಇಳಿಸಿಕೊಂಡು ಯೂಟ್ಯೂಬ್ ಶಾರ್ಟ್ಸ್‌ಗೆ ಹಾಕುತ್ತಾರೆ, ಅದನ್ನೇ ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಏರಿಸುತ್ತಾರೆ. ಒಂದು ಕಡೆ ಚೆನ್ನಾಗಿ ಓಡುತ್ತದೆ, ಉಳಿದ ಕಡೆ ಯಾರೂ ನೋಡುವುದಿಲ್ಲ. ಆಗ ಆ್ಯಪ್‌ನ ಮೇಲೆ ಸಿಟ್ಟು ಬರುತ್ತದೆ. ಆದರೆ ಅದೇ ವಿಷಯವನ್ನು ನಾಲ್ಕು ಕಡೆ ನಾಲ್ಕು ಬಗೆಯ ಜನ ನೋಡುತ್ತಾರೆ. ಶಾರ್ಟ್ಸ್‌ನಲ್ಲಿ ನಿಮ್ಮ ಗುರುತೇ ಇಲ್ಲದವರು, ರೀಲ್ಸ್‌ನಲ್ಲಿ ನಿಮ್ಮವರ ಸ್ನೇಹಿತರು, ಸ್ಟೇಟಸ್‌ನಲ್ಲಿ ನಿಮ್ಮ ನಂಬರ್ ಇಟ್ಟುಕೊಂಡವರು, ಫೇಸ್‌ಬುಕ್‌ನಲ್ಲಿ ಊರು ಬಲ್ಲ ಹಿರಿಯರು. ಧಾಟಿ ಬದಲಾಗಬೇಕಾದದ್ದು ಇವರಿಗಾಗಿ, ಉದ್ದ ಬದಲಾಗಬೇಕಾದದ್ದೂ ಇವರಿಗಾಗಿ.

ಮಾತು ಗಾಳಿಯಲ್ಲಿ ತೇಲದಿರಲಿ ಎಂದು ಒಂದೇ ಉದಾಹರಣೆ ಹಿಡಿದು ಕೊನೆಯವರೆಗೆ ಹೋಗುತ್ತೇನೆ. ಉಡುಪಿ ಜಿಲ್ಲೆಯ ಶಂಕರಪುರದ ಹತ್ತಿರ ಮಲ್ಲಿಗೆ ಬೆಳೆಯುವ ಅಕ್ಕ ಒಬ್ಬರು ತಮ್ಮ ಹೂವಿನ ಬಗ್ಗೆ ವಿಡಿಯೋ ಮಾಡಬೇಕು. ಮೊದಲು ಬರೆದುಕೊಂಡ ಪೂರ್ತಿ ಸ್ಕ್ರಿಪ್ಟ್ ಹೀಗಿದೆ:

"ನಮಸ್ಕಾರ, ಉಡುಪಿಯ ಮದುವೆ ಮನೆಗೆ ಬಂದರೆ ಹೆಂಗಸರ ತಲೆಯಲ್ಲಿ ನಿಮಗೆ ಕಾಣುವುದು ಶಂಕರಪುರ ಮಲ್ಲಿಗೆ. ನಾನು ಈ ಹೂ ಬೆಳೆಯುವವಳು. ಬೆಳಕು ಹರಿಯುವಾಗಲೇ ನಮ್ಮ ಕೊಯ್ಲು ಶುರುವಾಗ್ತದೆ. ಅರಳಿದ ಹೂ ಆಗುವುದಿಲ್ಲ, ಮೊಗ್ಗೇ ಬೇಕು. ಕಟ್ಟುವುದು ಬಾಳೆನಾರಿನಲ್ಲಿ. ಸುಮಾರು ಎಂಟುನೂರು ಮೊಗ್ಗು ಕಟ್ಟಿದರೆ ಒಂದು ಚೆಂಡು. ನಾಲ್ಕು ಚೆಂಡಿಗೆ ಒಂದು ಅಟ್ಟೆ. ಒಂದು ಅಟ್ಟೆಯಲ್ಲಿ ಹತ್ತಿರ ಹತ್ತಿರ ಮೂರು ಸಾವಿರದ ಇನ್ನೂರು ಮೊಗ್ಗು ಇರ್ತದೆ. ಎಲ್ಲ ಕೈಯಲ್ಲೇ ಕೊಯ್ದದ್ದು, ಕೈಯಲ್ಲೇ ಕಟ್ಟಿದ್ದು. ದರ ದಿನಾ ಬದಲಾಗ್ತದೆ. ಹೂ ಕಡಿಮೆ ಇದ್ದು ಮದುವೆ ಜಾಸ್ತಿ ಇದ್ದರೆ ದರ ಏರ್ತದೆ. ಹೂ ಜಾಸ್ತಿ ಬಂದರೆ ಇಳೀತದೆ. ಗಿಡದ ಕೆಲಸಕ್ಕೆ ಮಾತ್ರ ಬಿಡುವಿಲ್ಲ. ಹೂ ಬೇಕಾದವರು ಹಿಂದಿನ ದಿನ ಸಂಜೆಯೊಳಗೆ ಹೇಳಿ."

ಸಾಮಾನ್ಯ ವೇಗದಲ್ಲಿ ಕನ್ನಡ ಮಾತಾಡಿದರೆ ನಿಮಿಷಕ್ಕೆ 100ರಿಂದ 120 ಪದ ಹೋಗುತ್ತದೆ. ನಮ್ಮ ಪದಗಳಿಗೆ ಪ್ರತ್ಯಯ ಸೇರಿ ಉದ್ದವಾಗುವುದರಿಂದ ಇದಕ್ಕಿಂತ ಹೆಚ್ಚು ತುರುಕಿದರೆ ಉಸಿರು ಹಿಡಿದು ಓದಿದಂತೆ ಕೇಳುತ್ತದೆ. ಹಾಗಾಗಿ ಮೇಲಿನ ಸ್ಕ್ರಿಪ್ಟ್ ವಾಕ್ಯಗಳ ಮಧ್ಯೆ ನಿಲ್ಲಿಸುವ ಹೊತ್ತೂ ಸೇರಿ ಸುಮಾರು 50 ಸೆಕೆಂಡಿನದ್ದು. ಇದು ನಿಮ್ಮ ಮೂಲ. ಇದನ್ನು ಎಲ್ಲೂ ಹೀಗೇ ಹಾಕುವುದಿಲ್ಲ.

ಮಿತಿ ಒಂದು, ಸಾಕಾಗುವಷ್ಟು ಇನ್ನೊಂದು

ಉದ್ದದ ಮಿತಿಗಳು ಕಳೆದ ಕೆಲವು ವರ್ಷಗಳಲ್ಲಿ ಸಡಿಲವಾಗುತ್ತಲೇ ಬಂದಿವೆ. 2020ರ ಜೂನ್‌ನಲ್ಲಿ ಟಿಕ್‌ಟಾಕ್ ನಿಷೇಧವಾದ ಮೇಲೆ ಅದೇ ಜುಲೈಯಲ್ಲಿ ರೀಲ್ಸ್ ಭಾರತಕ್ಕೆ ಬಂದಾಗ ಅದು 15 ಸೆಕೆಂಡಿನದ್ದಾಗಿತ್ತು. 2025ರ ಜನವರಿಯಲ್ಲಿ ಅದು 3 ನಿಮಿಷಕ್ಕೆ ಬಂತು. ಶಾರ್ಟ್ಸ್ ಒಂದು ನಿಮಿಷದಿಂದ 3 ನಿಮಿಷಕ್ಕೆ ಏರಿದ್ದು 2024ರ ಅಕ್ಟೋಬರ್ ಮಧ್ಯದಲ್ಲಿ. ಸ್ಟೇಟಸ್ ಮೊದಲು 30 ಸೆಕೆಂಡಿಗೆ ತುಂಡಾಗುತ್ತಿತ್ತು, ಆಮೇಲೆ ಒಂದು ನಿಮಿಷವಾಯಿತು, ಈಗ ಇನ್ನೂ ಸ್ವಲ್ಪ ಬೆಳೆದಿದೆ. ಫೇಸ್‌ಬುಕ್‌ನಲ್ಲಿ ಹಾಕುವ ವಿಡಿಯೋಗಳೆಲ್ಲ ರೀಲ್ಸ್ ಎಂದೇ ಆಗುತ್ತವೆ, ಉದ್ದದ ಮಿತಿ ಇರುವುದಿಲ್ಲ ಎಂದು 2025ರಲ್ಲಿ ಮೆಟಾ ಹೇಳಿತು.

ಮಿತಿ 3 ನಿಮಿಷ ಇದೆ ಎಂದು 3 ನಿಮಿಷ ಮಾತಾಡುವ ಅಗತ್ಯವಿಲ್ಲ. ಶಾರ್ಟ್ಸ್‌ನಲ್ಲಂತೂ ಒಂದು ನಿಮಿಷ ದಾಟದಿರಲು ಬೇರೆಯೇ ಒಂದು ಕಾರಣವಿದೆ. ಒಂದು ನಿಮಿಷಕ್ಕಿಂತ ಉದ್ದದ ಶಾರ್ಟ್‌ನಲ್ಲಿ ಬೇರೆಯವರ ಹಾಡು ಇದ್ದು, ಯೂಟ್ಯೂಬ್ ಅದನ್ನು ತಾನಾಗಿಯೇ ಗುರುತಿಸಿ ಹಾಡಿನ ಒಡೆಯರ ಪರವಾಗಿ ಕಂಟೆಂಟ್ ಐಡಿ ಹಕ್ಕು ಹಾಕಿದರೆ ಆ ವಿಡಿಯೋ ಎಲ್ಲೂ ಕಾಣದಂತೆ ತಡೆಹಿಡಿಯಲ್ಪಡುತ್ತದೆ. ಹಿನ್ನೆಲೆಯಲ್ಲಿ ಅಂಗಡಿಯ ರೇಡಿಯೋದಿಂದ ಹಾಡು ಸೇರಿಕೊಂಡರೂ ಸಾಕು. ಮಲ್ಲಿಗೆಯ ಈ ವಿಷಯಕ್ಕೆ ನನ್ನ ಅಳತೆ: ಶಾರ್ಟ್ಸ್‌ಗೆ 40ರಿಂದ 45 ಸೆಕೆಂಡು, ರೀಲ್ಸ್‌ಗೆ 20ರಿಂದ 25, ಸ್ಟೇಟಸ್‌ಗೆ 15ರಿಂದ 20, ಫೇಸ್‌ಬುಕ್‌ಗೆ ಒಂದು ನಿಮಿಷ ಅಥವಾ ಇನ್ನೂ ಸ್ವಲ್ಪ ಹೆಚ್ಚು.

ಶಾರ್ಟ್ಸ್: ಗೊತ್ತಿಲ್ಲದವರಿಗೆ ಹೇಳುವ ಮಾತು

ಶಾರ್ಟ್ಸ್ ನೋಡುವವರು ಬೆರಳಿನಿಂದ ತಳ್ಳುತ್ತಾ ಬರುತ್ತಾರೆ. ಅವರು ಕಲಬುರಗಿಯವರಿರಬಹುದು, ಚಾಮರಾಜನಗರದವರಿರಬಹುದು. ಶಂಕರಪುರ ಎಲ್ಲಿದೆ ಎಂದು ಗೊತ್ತಿಲ್ಲ, ಅಟ್ಟೆ ಎಂದರೆ ಏನೆಂದು ಗೊತ್ತಿಲ್ಲ, ನೀವು ಯಾರೆಂದು ತಿಳಿಯುವ ಆಸೆಯೂ ಇನ್ನೂ ಹುಟ್ಟಿಲ್ಲ. ಹಾಗಾಗಿ "ನಮಸ್ಕಾರ" ಮತ್ತು "ನಾನು ಬೆಳೆಯುವವಳು" ಎರಡೂ ಮೊದಲಿನಿಂದ ಹೋಗಬೇಕು. ಮಧ್ಯದಲ್ಲಿದ್ದ ಲೆಕ್ಕ ಮುಂದೆ ಬರಬೇಕು.

"ಈ ಒಂದು ಅಟ್ಟೆ ಹೂವಲ್ಲಿ ಮೂರು ಸಾವಿರದ ಇನ್ನೂರು ಮೊಗ್ಗು ಉಂಟು. ಎಲ್ಲ ಕೈಯಲ್ಲೇ ಕೊಯ್ದದ್ದು. ಇದು ಉಡುಪಿ ಜಿಲ್ಲೆಯ ಶಂಕರಪುರ ಮಲ್ಲಿಗೆ. ಅರಳಿದ ಹೂ ಆಗುವುದಿಲ್ಲ, ಮೊಗ್ಗೇ ಬೇಕು. ಅದಕ್ಕೇ ಬೆಳಕು ಹರಿಯುವಾಗಲೇ ಕೊಯ್ಲು. ಕಟ್ಟುವುದು ಬಾಳೆನಾರಿನಲ್ಲಿ. ಸುಮಾರು ಎಂಟುನೂರು ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ದರ ದಿನಾ ಬೇರೆ. ಹೂ ಕಡಿಮೆ ಇದ್ದು ಮದುವೆ ಜಾಸ್ತಿ ಇದ್ದರೆ ಏರ್ತದೆ, ಹೂ ಜಾಸ್ತಿ ಬಂದರೆ ಇಳೀತದೆ. ನಿಮ್ಮ ಊರಲ್ಲಿ ಮಲ್ಲಿಗೆ ಅಳೆಯುವುದು ಮೊಳದಲ್ಲೋ, ತೂಕದಲ್ಲೋ?"

ಮೊದಲ ಮಾತು ಬರುವಾಗ ಪರದೆಯ ಮೇಲೆ ಮುಖ ಬೇಡ, ಬಾಳೆಲೆಯ ಮೇಲಿಟ್ಟ ಅಟ್ಟೆಯೇ ಇರಲಿ. "ಈ" ಎಂದಾಗ ತೋರಿಸುವುದಕ್ಕೆ ಏನಾದರೂ ಇರಬೇಕು. ಕೊನೆಯಲ್ಲಿ ಆರ್ಡರ್ ಕೇಳುವುದನ್ನು ಬಿಟ್ಟಿದ್ದೇವೆ. ಕಲಬುರಗಿಯವರು ನಾಳೆ ಬೆಳಿಗ್ಗೆ ನಿಮ್ಮಿಂದ ಹೂ ಕೊಳ್ಳುವುದಿಲ್ಲ. ಅಲ್ಲದೆ 2023ರ ಆಗಸ್ಟ್ ಕೊನೆಯಿಂದ ಶಾರ್ಟ್ಸ್‌ನ ವಿವರಣೆ ಮತ್ತು ಕಾಮೆಂಟ್‌ಗಳಲ್ಲಿ ಹಾಕುವ ಲಿಂಕ್ ಒತ್ತಿದರೆ ತೆರೆಯುವುದೂ ಇಲ್ಲ. ನಿಮ್ಮದೇ ಚಾನೆಲ್‌ನ ಉದ್ದದ ವಿಡಿಯೋ ಇದ್ದರೆ ಅದನ್ನು ಸಂಬಂಧಿತ ವಿಡಿಯೋ ಎಂದು ಜೋಡಿಸಬಹುದು, ಅದು ಕೆಲಸ ಮಾಡುತ್ತದೆ.

ಇನ್ನೊಂದು ಸಂಗತಿಯನ್ನು ಇಲ್ಲಿ ತುಂಬ ಜನ ಮರೆಯುತ್ತಾರೆ. ಶಾರ್ಟ್ಸ್ ಹಾಕಿದ ದಿನಕ್ಕೇ ಸಾಯುವುದಿಲ್ಲ, ತಿಂಗಳುಗಳ ನಂತರವೂ ಹುಡುಕಾಟದಲ್ಲಿ ಸಿಗುತ್ತದೆ. ಆದ್ದರಿಂದ "ಇವತ್ತಿನ ದರ", "ನಾಳೆ", "ಈ ವಾರ" ಎಂಬ ಮಾತು ಒಂದೂ ಬೇಡ. ದರದ ಅಂಕಿಯನ್ನೂ ಹೇಳಬೇಡಿ. ಮಲ್ಲಿಗೆಯ ದರ ದಿನಕ್ಕೊಂದು ಆಗುವಾಗ ಆರು ತಿಂಗಳ ಹಿಂದಿನ ಅಂಕಿ ಕೇಳಿ ಬಂದವರ ಜತೆ ವಾದ ಮಾಡುತ್ತಾ ಕೂರಬೇಕಾಗುತ್ತದೆ. ಶೀರ್ಷಿಕೆಗೆ 100 ಅಕ್ಷರದ ಮಿತಿ ಇದೆ. ಅದರಲ್ಲಿ "ಶಂಕರಪುರ ಮಲ್ಲಿಗೆ" ಎಂಬ ಹೆಸರು ಇರಲೇಬೇಕು, ಹುಡುಕುವವರು ಬರೆಯುವುದು ಅದನ್ನೇ.

ರೀಲ್ಸ್: ಇನ್ನೊಬ್ಬರಿಗೆ ಕಳಿಸುವಂತಿರಬೇಕು

ರೀಲ್ಸ್ ಎಷ್ಟು ಜನರಿಗೆ ಮುಟ್ಟುತ್ತದೆ ಎಂಬುದರಲ್ಲಿ ಎಷ್ಟು ಹೊತ್ತು ನೋಡಿದರು, ಎಷ್ಟು ಲೈಕ್ ಬಂತು, ಎಷ್ಟು ಜನ ಇನ್ನೊಬ್ಬರಿಗೆ ಕಳಿಸಿದರು ಎಂಬ ಮೂರು ದೊಡ್ಡವು ಎಂದು ಇನ್‌ಸ್ಟಾಗ್ರಾಮ್‌ನ ಮುಖ್ಯಸ್ಥ ಆ್ಯಡಂ ಮೊಸ್ಸೆರಿ ಹೇಳಿದ್ದಾರೆ. ಅದರಲ್ಲೂ ಪರಿಚಯವಿಲ್ಲದವರಿಗೆ ಮುಟ್ಟಬೇಕಾದರೆ ಕಳಿಸುವುದಕ್ಕೆ ತೂಕ ಹೆಚ್ಚು. ಹಾಗಾದರೆ ಸ್ಕ್ರಿಪ್ಟ್ ಬರೆಯುವಾಗ ಕೇಳಿಕೊಳ್ಳಬೇಕಾದದ್ದು ಇಷ್ಟು: ಇದನ್ನು ನೋಡಿದವರು ಯಾರಿಗೆ ಕಳಿಸುತ್ತಾರೆ? ನಮ್ಮ ಊರಿಗೆ ಉತ್ತರ ಸುಲಭ. ಪ್ರತಿ ಮನೆಯಿಂದ ಯಾರಾದರೊಬ್ಬರು ಮುಂಬಯಿಯಲ್ಲೋ, ಬೆಂಗಳೂರಿನಲ್ಲೋ, ದುಬೈಯಲ್ಲೋ ಇದ್ದಾರೆ. ಮನೆಯಲ್ಲಿರುವ ತಂಗಿ ಅಲ್ಲಿರುವ ಅಕ್ಕನಿಗೆ ಕಳಿಸುತ್ತಾಳೆ.

"ಊರು ಬಿಟ್ಟು ಎಷ್ಟು ವರ್ಷ ಆದರೂ ಮದುವೆ ಅಂದ ಕೂಡಲೇ ಈ ಪರಿಮಳ ನೆನಪಾಗ್ತದೆ ಅಲ್ವಾ? ಶಂಕರಪುರ ಮಲ್ಲಿಗೆ. ಬೆಳಕು ಹರಿಯುವಾಗ ಕೊಯ್ತೇವೆ. ಬಾಳೆನಾರಿನಲ್ಲಿ ಕಟ್ತೇವೆ. ಒಂದು ಅಟ್ಟೆಗೆ ಮೂರು ಸಾವಿರದ ಇನ್ನೂರು ಮೊಗ್ಗು, ಎಲ್ಲ ಕೈಯಲ್ಲೇ. ನೀವು ಊರಿಗೆ ಬರುವಾಗ ನಿಮಗೂ ಒಂದು ಚೆಂಡು ಇಟ್ಟಿರ್ತೇವೆ."

ಚೆಂಡು ಎಂದರೆ ಎಷ್ಟು, ಅಟ್ಟೆ ಎಂದರೆ ಎಷ್ಟು ಎಂಬ ವಿವರಣೆ ಇಲ್ಲಿ ಇಲ್ಲ. ದರದ ಏರಿಳಿತವೂ ಇಲ್ಲ. ಅಂಕಿ ಒಂದೇ ಒಂದು ಉಳಿದಿದೆ. ಧಾಟಿ ಕಲಿಸುವುದರಿಂದ ಮಾತಾಡಿಸುವುದಕ್ಕೆ ಬದಲಾಯಿತು, "ಕೊಯ್ಲು ಶುರುವಾಗ್ತದೆ" ಹೋಗಿ "ಕೊಯ್ತೇವೆ" ಬಂತು. ಅಕ್ಕ ಮನೆಯಲ್ಲಿ ಮಾತಾಡುವ ಹಾಗೆಯೇ ಹೇಳಲಿ. ಸುದ್ದಿ ಓದುವವರ ಕನ್ನಡ ಇಲ್ಲಿ ದೂರ ತಳ್ಳುತ್ತದೆ.

ಬಸ್ಸಿನಲ್ಲಿ, ಕಚೇರಿಯಲ್ಲಿ ಶಬ್ದವಿಲ್ಲದೆ ನೋಡುವವರು ಇರುವುದರಿಂದ ಪರದೆಯ ಮೇಲೆ ಬರಹ ಬೇಕು. ಹೇಳಿದ್ದೆಲ್ಲವನ್ನೂ ಬರೆದರೆ ಕನ್ನಡ ಅಕ್ಷರ ಪರದೆ ತುಂಬಿಬಿಡುತ್ತದೆ. ಒಂದು ಸಲಕ್ಕೆ ನಾಲ್ಕೈದು ಪದ, ಎರಡು ಸಾಲು ಸಾಕು. ಪರದೆಯ ಕೆಳಗಿನ ಕಾಲು ಭಾಗ ಮತ್ತು ಬಲಬದಿಯ ಪಟ್ಟಿಯನ್ನು ಖಾಲಿ ಬಿಡಿ, ಅಲ್ಲಿ ಹೆಸರು, ಕ್ಯಾಪ್ಶನ್, ಲೈಕ್ ಗುಂಡಿಗಳು ಬಂದು ಕೂರುತ್ತವೆ. ತಾನಾಗಿಯೇ ಬರುವ ಕನ್ನಡ ಸಬ್‌ಟೈಟಲ್ ಬಳಸಿದರೆ ಅಟ್ಟೆ, ಬಾಳೆನಾರು, ಶಂಕರಪುರ ಈ ಮೂರು ಪದಗಳನ್ನು ಕಣ್ಣಿಟ್ಟು ನೋಡಿ. ಊರಿನ ಪದಗಳೇ ಅದರಲ್ಲಿ ಮೊದಲು ಕೆಡುವುದು.

ಸ್ಟೇಟಸ್: ಕೆಲಸದ ಮಾತು ಮಾತ್ರ

ಇಲ್ಲಿ ನೋಡುವವರಿಗೆ ಅಕ್ಕ ಗೊತ್ತು, ಹೂ ಗೊತ್ತು, ಅಟ್ಟೆ ಗೊತ್ತು. ಪರಿಚಯ, ವಿವರಣೆ ಎರಡೂ ವ್ಯರ್ಥ. 24 ಗಂಟೆಯಲ್ಲಿ ಅಳಿಸಿಹೋಗುವುದರಿಂದ ಶಾರ್ಟ್ಸ್‌ನಲ್ಲಿ ಬೇಡವೆಂದ ಮಾತುಗಳೇ ಇಲ್ಲಿ ಬೇಕು.

"ನಾಡಿದ್ದು ಆದಿತ್ಯವಾರ ಮದುವೆ ಜಾಸ್ತಿ ಉಂಟು ಮಾರಾಯ್ರೆ. ಹೂ ಬೇಕಾದವರು ನಾಳೆ ಸಂಜೆಯೊಳಗೆ ಎಷ್ಟು ಚೆಂಡು ಅಂತ ಇಲ್ಲೇ ಮೆಸೇಜ್ ಹಾಕಿ. ಆದಿತ್ಯವಾರ ಬೆಳಿಗ್ಗೆ ಕಟ್ಟಿ ಕೊಡ್ತೇವೆ. ಆಮೇಲೆ ಕೇಳಿದರೆ ಸಿಗುವುದು ಕಷ್ಟ."

ಹತ್ತಿರದ ಗಿರಾಕಿಗಳು ಹೆಚ್ಚಿನವರು ತುಳು ಮಾತಾಡುವವರಾದರೆ ಇದನ್ನು ತುಳುವಿನಲ್ಲೇ ಹೇಳಿ, ಬರಹ ಮಾತ್ರ ಕನ್ನಡದಲ್ಲಿರಲಿ. ಹಿನ್ನೆಲೆ ಸಂಗೀತ ಬೇಡ. ಸ್ಟೇಟಸ್‌ಗೆ ಏರಿಸುವಾಗ ವಿಡಿಯೋದ ಗುಣಮಟ್ಟ ಇಳಿಯುವುದರಿಂದ ಸಣ್ಣ ಅಕ್ಷರ ಮಸುಕಾಗುತ್ತದೆ. ಎರಡೇ ಸಾಲು ದಪ್ಪಕ್ಷರ: ಯಾವ ದಿನ, ಯಾವಾಗಿನೊಳಗೆ ಹೇಳಬೇಕು. ವಿಡಿಯೋ ಉದ್ದವಾಗಿ ಎರಡು ತುಂಡಾದರೆ ಎರಡನೆಯದನ್ನು ನೋಡಿದವರ ಸಂಖ್ಯೆ ಮೊದಲನೆಯದಕ್ಕಿಂತ ಕಡಿಮೆ ಇರುವುದು ನಿಮಗೇ ಕಾಣುತ್ತದೆ. ಹೇಳಬೇಕಾದದ್ದು ಆ ಎರಡನೇ ತುಂಡಿನಲ್ಲಿ ಉಳಿಯಬಾರದು.

ಫೇಸ್‌ಬುಕ್

ಇಲ್ಲಿ ಮೂಲ ಸ್ಕ್ರಿಪ್ಟ್ ಹೆಚ್ಚುಕಡಿಮೆ ಹಾಗೆಯೇ ನಡೆಯುತ್ತದೆ. "ನಮಸ್ಕಾರ"ಕ್ಕೆ ಇಲ್ಲಿ ಬೆಲೆ ಇದೆ, ನಿಧಾನಕ್ಕೂ ಬೆಲೆ ಇದೆ. ಅಕ್ಷರ ದೊಡ್ಡದಿರಲಿ. ಮೂಲದಲ್ಲಿ ಜಾಗವಿಲ್ಲದೆ ಬಿಟ್ಟ ವಿಷಯ ಇಲ್ಲಿ ಸೇರಿಸಬಹುದು, ಉದಾಹರಣೆಗೆ ಇದೇ ಹೂವಿಗೆ ಉಡುಪಿ ಮಲ್ಲಿಗೆ ಎಂಬ ಹೆಸರಿನಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಇರುವುದು. ಊರಿನ ಹಿರಿಯರು ಕಾಮೆಂಟ್‌ನಲ್ಲಿ ತಮಗೆ ಗೊತ್ತಿದ್ದದ್ದನ್ನು ಬರೆಯುತ್ತಾರೆ, ಅದಕ್ಕೆ ಉತ್ತರ ಕೊಡಿ. ಇನ್‌ಸ್ಟಾಗ್ರಾಮ್‌ನಿಂದ ಫೇಸ್‌ಬುಕ್‌ಗೆ ಒಂದೇ ಒತ್ತಿಗೆ ಹಂಚುವ ಗುಂಡಿ ಇದೆ. ಸಮಯವಿಲ್ಲದ ದಿನ ಅದನ್ನು ಬಳಸಬಹುದು. ಸಮಯವಿದ್ದರೆ ಉದ್ದದ ಪ್ರತಿಯನ್ನು ಬೇರೆಯಾಗಿ ಹಾಕುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ನಾಲ್ಕು ಸಲ ಶೂಟಿಂಗ್ ಬೇಕಾಗಿಲ್ಲ

ಕೆಲಸ ಕೆಡುವುದು ಇಲ್ಲೇ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕನ್ನಡದಲ್ಲಿ ನಾವು ಸಹಜವಾಗಿ ಮಾತಾಡುವುದು ಹೀಗೆ: "ಬೆಳಿಗ್ಗೆ ಎದ್ದು, ತೋಟಕ್ಕೆ ಹೋಗಿ, ಮೊಗ್ಗು ಕೊಯ್ದು, ಮನೆಗೆ ತಂದು, ಬಾಳೆನಾರಿನಲ್ಲಿ ಕಟ್ಟಿ ಹೂವಿನ ಕಟ್ಟೆಗೆ ಕೊಡ್ತೇವೆ." ಕೇಳಲು ಚೆಂದ, ಆದರೆ ಕತ್ತರಿಸಲು ಬರುವುದಿಲ್ಲ. ಎದ್ದು, ಹೋಗಿ, ಕೊಯ್ದು ಎಲ್ಲವೂ ಕೊನೆಯ "ಕೊಡ್ತೇವೆ"ಗೆ ನೇತುಬಿದ್ದಿವೆ. ಮಧ್ಯದಲ್ಲಿ ತುಂಡು ಮಾಡಿದರೆ ಮಾತು ಅರ್ಧಕ್ಕೆ ನಿಂತಂತೆ ಆಗುತ್ತದೆ. ಅಲ್ಲದೆ ಮುಖ್ಯ ಕ್ರಿಯಾಪದ ಬರುವಷ್ಟರಲ್ಲಿ ಐದಾರು ಸೆಕೆಂಡು ಹೋಗಿರುತ್ತದೆ, ಶಾರ್ಟ್ಸ್‌ನವರು ಅಷ್ಟು ಕಾಯುವುದಿಲ್ಲ.

ಅದಕ್ಕೇ ಮೂಲ ಸ್ಕ್ರಿಪ್ಟನ್ನು ಬರೆಯುವಾಗಲೇ ಪ್ರತಿ ವಾಕ್ಯವನ್ನೂ ಮುಗಿಸಿ. "ಬೆಳಕು ಹರಿಯುವಾಗಲೇ ನಮ್ಮ ಕೊಯ್ಲು ಶುರುವಾಗ್ತದೆ." ಪೂರ್ಣ ವಿರಾಮ. "ಕಟ್ಟುವುದು ಬಾಳೆನಾರಿನಲ್ಲಿ." ಪೂರ್ಣ ವಿರಾಮ. "ಹಾಗಾಗಿ", "ಆಮೇಲೆ", "ಅದರಲ್ಲಿ" ಎಂದು ಹಿಂದಿನ ವಾಕ್ಯವನ್ನು ಹಿಡಿದುಕೊಳ್ಳುವ ಪದಗಳನ್ನು ಆದಷ್ಟು ತೆಗೆಯಿರಿ. ಮಲ್ಲಿಗೆಯ ಮೂಲದಲ್ಲಿ "ಅದರಲ್ಲಿ" ಎನ್ನದೆ "ಒಂದು ಅಟ್ಟೆಯಲ್ಲಿ" ಎಂದು ಮತ್ತೆ ಹೇಳಿಸಿದ್ದು ಇದಕ್ಕೇ. ಆ ವಾಕ್ಯವನ್ನು ಎಲ್ಲಿಗೆ ಬೇಕಾದರೂ ಒಯ್ಯಬಹುದು.

ರೆಕಾರ್ಡ್ ಮಾಡುವಾಗ ಎರಡು ವಾಕ್ಯದ ಮಧ್ಯೆ ಬಾಯಿ ಮುಚ್ಚಿ ಒಂದು ಕ್ಷಣ ನಿಲ್ಲಿಸಲು ಹೇಳಿ. ಮಧ್ಯಭಾಗವನ್ನು ಒಂದೇ ಸಲ, ಆರಂಭ ಮತ್ತು ಕೊನೆಯನ್ನು ಮಾತ್ರ ಪ್ರತಿಯೊಂದಕ್ಕೂ ಬೇರೆ ಬೇರೆ ರೆಕಾರ್ಡ್ ಮಾಡಿಕೊಳ್ಳಿ. ಮಧ್ಯಭಾಗದಿಂದ ಶಾರ್ಟ್ಸ್ ಮತ್ತು ಫೇಸ್‌ಬುಕ್‌ನ ಪ್ರತಿಗಳು ಬರುತ್ತವೆ, ಒಂದೆರಡು ಕಡೆ "ಅದಕ್ಕೇ" ಎಂಬಂಥ ಜೋಡಣೆ ಬೇಕಿದ್ದರೆ ಆ ಸಾಲನ್ನು ಇನ್ನೊಮ್ಮೆ ಹೇಳಿಸಿ. ರೀಲ್ಸ್‌ನ ನಾಲ್ಕೈದು ಸಾಲನ್ನೂ ಸ್ಟೇಟಸನ್ನೂ ಪೂರ್ತಿ ಹೊಸದಾಗಿ ಹೇಳಿಸುವುದೇ ಸರಿ, ಅಲ್ಲಿ ದನಿಯೇ ಬೇರೆ. ಕೈ, ಮೊಗ್ಗು, ನಾರು, ಅಟ್ಟೆ ಇವುಗಳ ದೃಶ್ಯ ಎಲ್ಲಕ್ಕೂ ಒಂದೇ ಆಗುತ್ತದೆ. ಬಟ್ಟೆ, ಬೆಳಕು ಬದಲಾಗುವ ಮೊದಲು ಇದೆಲ್ಲ ಒಂದೇ ಬೈಠಕ್‌ನಲ್ಲಿ ಮುಗಿಯಬೇಕು.

ಎಡಿಟ್ ಮುಗಿದ ಮೇಲೆ ಬರಹವಿಲ್ಲದ, ಹಾಡಿಲ್ಲದ ಒಂದು ಶುದ್ಧ ಪ್ರತಿಯನ್ನು 1080×1920ರಲ್ಲಿ ಉಳಿಸಿಕೊಳ್ಳಿ. ಬೇರೆ ಆ್ಯಪ್‌ನ ಗುರುತು ಕಾಣುವ ವಿಡಿಯೋಗಳನ್ನು ಕಡಿಮೆ ಜನರಿಗೆ ತೋರಿಸುತ್ತೇವೆ ಎಂದು ಇನ್‌ಸ್ಟಾಗ್ರಾಮ್ 2021ರಲ್ಲೇ ಹೇಳಿದೆ. ಇಳಿಸಿಕೊಂಡ ರೀಲನ್ನು ಬೇರೆ ಕಡೆ ಹಾಕುವ ಬದಲು ಈ ಪ್ರತಿಯಿಂದಲೇ ಎಲ್ಲ ಕಡೆಗೂ ಹೋಗಿ.

ಸರಿಹೋಯಿತೇ ಎಂದು ತಿಳಿಯುವುದು

ಶಾರ್ಟ್ಸ್‌ನ ವ್ಯೂಸ್ ಸಂಖ್ಯೆಯನ್ನೇ ನಂಬಿ ಕೂರಬೇಡಿ. 2025ರ ಮಾರ್ಚ್ 31ರಿಂದ ಶಾರ್ಟ್ ಶುರುವಾದರೂ ಮರುಶುರುವಾದರೂ ಅದು ಒಂದು ವ್ಯೂ ಎಂದು ಲೆಕ್ಕವಾಗುತ್ತದೆ, ಇಷ್ಟು ಹೊತ್ತು ನೋಡಿರಬೇಕು ಎಂಬ ಷರತ್ತಿಲ್ಲ. ಯೂಟ್ಯೂಬ್ ಸ್ಟುಡಿಯೋ ಆ್ಯಪ್‌ನಲ್ಲಿ ಎಷ್ಟು ಜನ ನಿಂತು ನೋಡಿದರು, ಎಷ್ಟು ಜನ ತಳ್ಳಿ ಹೋದರು ಎಂಬುದನ್ನು ನೋಡಿ. ತಳ್ಳಿದವರು ಹೆಚ್ಚಿದ್ದರೆ ದೋಷ ಮೊದಲ ವಾಕ್ಯದಲ್ಲಿ ಅಥವಾ ಮೊದಲ ದೃಶ್ಯದಲ್ಲಿ. ನಿಂತು ನೋಡಿದವರು ಸಾಕಷ್ಟಿದ್ದು ಗ್ರಾಫ್ ಮಧ್ಯದಲ್ಲಿ ಜಾರಿದರೆ ಅದು ಯಾವ ಸೆಕೆಂಡು ಎಂದು ನೋಡಿ ಸ್ಕ್ರಿಪ್ಟ್ ಪಕ್ಕದಲ್ಲಿಟ್ಟುಕೊಳ್ಳಿ. ಮಲ್ಲಿಗೆಯ ಈ ಸ್ಕ್ರಿಪ್ಟಿನಲ್ಲಿ ಜಾರುವ ಸಾಧ್ಯತೆ ಹೆಚ್ಚಿರುವುದು ಚೆಂಡು, ಅಟ್ಟೆಯ ಲೆಕ್ಕದ ಹತ್ತಿರ, ಏಕೆಂದರೆ ಎರಡು ಅಳತೆ ಒಟ್ಟಿಗೆ ಬರುತ್ತವೆ. ಆಗ ಮಾತು ಕಡಿಮೆ ಮಾಡುವ ಮೊದಲು ದೃಶ್ಯ ಸರಿ ಮಾಡಿ: ನಾಲ್ಕು ಚೆಂಡನ್ನು ಒಂದೊಂದಾಗಿ ಇಡುವುದನ್ನು ತೋರಿಸಿದರೆ ಲೆಕ್ಕ ಕಣ್ಣಿಗೇ ತಿಳಿಯುತ್ತದೆ.

ರೀಲ್ಸ್‌ನಲ್ಲಿ ಲೈಕ್ ಬಂದು ಶೇರ್ ಬಾರದಿದ್ದರೆ ವಿಡಿಯೋ ಚೆಂದ ಇದೆ, ಕಳಿಸುವ ಕಾರಣ ಇಲ್ಲ ಎಂದರ್ಥ. ಮೊದಲ ಸಾಲಿನಲ್ಲಿ ಯಾರನ್ನು ಮಾತಾಡಿಸುತ್ತಿದ್ದೀರಿ ಎಂಬುದನ್ನು ಬದಲಿಸಿ ನೋಡಿ. ಸ್ಟೇಟಸ್‌ಗೆ ಬಂದ ಮೆಸೇಜ್‌ಗಳೇ ಲೆಕ್ಕ, ಬೇರೆ ಅಳತೆ ಬೇಡ.

ಎರಡೇ ಮಾಡಲು ಸಾಧ್ಯವಾದರೆ

ಹೂ ಹತ್ತು ಕಿಲೋಮೀಟರ್‌ನೊಳಗೆ ಮಾರಿ ಮುಗಿಯುವುದಾದರೆ ಸ್ಟೇಟಸ್ ಮತ್ತು ಫೇಸ್‌ಬುಕ್ ಸಾಕು, ಶಾರ್ಟ್ಸ್‌ಗಾಗಿ ಸಂಜೆಗಳನ್ನು ಕಳೆಯಬೇಡಿ. ಮುಂಬಯಿಗೆ ಕಳಿಸುವ ಏರ್ಪಾಡು ಇದ್ದರೆ ಅಥವಾ ಊರಿಗೆ ಬಂದು ಮದುವೆ ಮಾಡುವವರ ಆರ್ಡರ್ ಬೇಕಿದ್ದರೆ ಸ್ಟೇಟಸ್ ಜತೆ ರೀಲ್ಸ್. ಮಲ್ಲಿಗೆ ಗಿಡ ಮಾರುವವರು, ಕೃಷಿ ಹೇಳಿಕೊಡುವವರು ಶಾರ್ಟ್ಸನ್ನೇ ಮೊದಲು ಮಾಡಬೇಕು, ಅವರ ಗಿರಾಕಿ ಹುಡುಕಿಕೊಂಡು ಬರುವವರು. ಮೋಜ್‌ನಂಥ ಬೇರೆ ಕಿರು ವಿಡಿಯೋ ಆ್ಯಪ್‌ನಲ್ಲಿ ಖಾತೆ ಇದ್ದರೆ ಶಾರ್ಟ್ಸ್ ಪ್ರತಿಯನ್ನೇ ಅಲ್ಲಿಗೂ ಹಾಕಿ, ಅದಕ್ಕಾಗಿ ಬೇರೆ ಬರೆಯುವ ಅಗತ್ಯವಿಲ್ಲ.

ಒಂದೇ ಫೈಲ್ ಎಲ್ಲ ಕಡೆಗೂ ಹೋಗಲೇಬೇಕಾದ ದಿನ ಶಾರ್ಟ್ಸ್ ಪ್ರತಿಯನ್ನು 30 ಸೆಕೆಂಡಿಗೆ ಇಳಿಸಿ: ಅಟ್ಟೆಯ ಅಂಕಿಯಿಂದ ಶುರು ಮಾಡಿ, ದರದ ಸಾಲು ತೆಗೆಯಿರಿ, ಕೊನೆಯ ಪ್ರಶ್ನೆ ಉಳಿಸಿ. ಯಾವ ದಿನಕ್ಕೆ ಹೂ ಬೇಕು, ಯಾವಾಗಿನೊಳಗೆ ಹೇಳಬೇಕು ಎಂಬುದನ್ನು ಸ್ಟೇಟಸ್‌ಗೆ ಹಾಕುವಾಗ ಕ್ಯಾಪ್ಶನ್‌ನಲ್ಲಿ ಕೈಯಿಂದ ಬರೆದು ಸೇರಿಸಿ.